ರೆಸ್ಯೂಮೆಯಲ್ಲಿ ನಮ್ಮ ಮಕ್ಕಳ ದುಡಿಮೆ ಎಲ್ಲಿ ಹೋಯಿತು?

ಪದವಿ ಫಲಿತಾಂಶ ಬಂದ ಕೂಡಲೇ ನಮ್ಮ ಕಡೆ ಕಾರ್ಯಾಗಾರಗಳ ಸೀಸನ್ ಶುರುವಾಗುತ್ತದೆ. ಜಮಾಅತ್‌ನ ಹಾಲ್‌ನಲ್ಲೋ, ಯುವಕ ಸಂಘದ ಕಚೇರಿಯಲ್ಲೋ, ಯಾವುದಾದರೂ ಕಾಲೇಜಿನ ಸಭಾಂಗಣದಲ್ಲೋ "ಉದ್ಯೋಗ ಮಾರ್ಗದರ್ಶನ ಮತ್ತು ರೆಸ್ಯೂಮೆ ಬರವಣಿಗೆ" ಎಂಬ ಬ್ಯಾನರ್ ಕಟ್ಟುತ್ತಾರೆ. ಕಿರಾಅತ್, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಭಾಷಣ, ಸ್ಮರಣಿಕೆ ಎಲ್ಲ ಮುಗಿಯುವಾಗ ಲುಹರ್ ನಮಾಝಿನ ಹೊತ್ತು. ಊಟದ ನಂತರ ಒಬ್ಬರು ಪರದೆಯ ಮೇಲೆ ಒಂದು ಚಂದದ ಮಾದರಿ ತೋರಿಸುತ್ತಾರೆ. ಇನ್ನೂರು ಮಕ್ಕಳು ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಮರುದಿನ ಸೈಬರ್ ಅಂಗಡಿಯಲ್ಲಿ ಹೆಸರು, ವಿಳಾಸ ಬದಲಾಯಿಸಿ ಅದನ್ನೇ ಪ್ರಿಂಟ್ ಹಾಕಿಸುತ್ತಾರೆ.

ಹೀಗೆ ತಯಾರಾದ ಹತ್ತು ರೆಸ್ಯೂಮೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಹೆಸರು ಮುಚ್ಚಿದರೆ ಯಾರದ್ದು ಯಾವುದು ಎಂದು ಹೆತ್ತ ಉಮ್ಮನಿಗೂ ಗೊತ್ತಾಗದು. ಎಲ್ಲದರಲ್ಲೂ "ನನ್ನ ಕೌಶಲಗಳನ್ನು ಬಳಸಿ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವುದು" ಎಂಬ ಗುರಿ. ಎಲ್ಲದರಲ್ಲೂ "ಕಠಿಣ ಪರಿಶ್ರಮಿ, ಬೇಗ ಕಲಿಯುವವನು, ತಂಡದಲ್ಲಿ ಬೆರೆಯುವವನು". ಅನುಭವದ ಕಾಲಂನಲ್ಲಿ ಮಾತ್ರ ಒಂದೇ ಪದ: "ಫ್ರೆಶರ್".

ನನ್ನ ತಕರಾರು ಇರುವುದು ಈ ಪದದ ಬಗ್ಗೆ. ನಮ್ಮ ಮನೆಗಳ ಮಕ್ಕಳಲ್ಲಿ ನಿಜವಾಗಿ ಫ್ರೆಶರ್ ಆಗಿರುವವರು ಎಷ್ಟು ಮಂದಿ? ಪಿಯುಸಿಯಿಂದಲೇ ಸಂಜೆ ಅಂಗಡಿಯಲ್ಲಿ ಕೂತವರು, ಮಾವನ ಮೀನಿನ ಲೋಡಿನ ಲೆಕ್ಕ ಬರೆದವರು, ಗುಜರಿ ಯಾರ್ಡ್‌ನಲ್ಲಿ ತೂಕದ ಚೀಟಿ ಹರಿದವರು, ಮನೆಯ ಜಗಲಿಯಲ್ಲಿ ಹತ್ತು ಮಕ್ಕಳಿಗೆ ಟ್ಯೂಷನ್ ಕೊಟ್ಟವರು, ಉಮ್ಮ ಕಟ್ಟಿದ ಬೀಡಿಯ ಲೆಕ್ಕವನ್ನು ಪುಸ್ತಕದಲ್ಲಿ ತಾಳೆ ನೋಡಿದವರು. ಇಷ್ಟೆಲ್ಲ ಮಾಡಿದ ಮಕ್ಕಳು ಕೆಲಸ ಕೇಳುವ ಕಾಗದದಲ್ಲಿ "ನನಗೆ ಎಂತದೂ ಗೊತ್ತಿಲ್ಲ" ಎಂದು ಬರೆದುಕೊಡುತ್ತಿದ್ದಾರೆ. ಕಾರ್ಯಾಗಾರ ಸರಿಪಡಿಸಬೇಕಾದದ್ದು ಇದನ್ನು. ಅಕ್ಷರದ ಗಾತ್ರ, ಪುಟದ ಬಣ್ಣ ಆಮೇಲಿನ ಮಾತು.

ಒಂದು ಸಾಲು ಹೇಗೆ ಹುಟ್ಟುತ್ತದೆ

ರೆಸ್ಯೂಮೆಯ ಜೀವ ಇರುವುದು ಚುಕ್ಕೆ ಹಾಕಿ ಬರೆಯುವ ಸಾಲುಗಳಲ್ಲಿ. ಬುಲೆಟ್ ಪಾಯಿಂಟ್ ಎನ್ನುತ್ತೇವಲ್ಲ, ಅದು. ಓದುವವರು ಮೊದಲ ಸುತ್ತಿನಲ್ಲಿ ಪೂರ್ತಿ ಓದುವುದಿಲ್ಲ, ಕಣ್ಣು ಹಾಯಿಸುತ್ತಾರೆ. ಕಣ್ಣು ನಿಲ್ಲುವುದು ಏನಾದರೂ ಗಟ್ಟಿ ಸಂಗತಿ ಸಿಕ್ಕಿದಲ್ಲಿ ಮಾತ್ರ. ಈ ಸಾಲುಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಆದರೆ ಅದು ಹುಟ್ಟುವುದು ನಾವು ಮನೆಯಲ್ಲಿ ಆಡುವ ಮಾತಿನಲ್ಲಿ. ಹಾಗಾಗಿ ಇಲ್ಲಿ ಉದಾಹರಣೆಗಳನ್ನು ಕನ್ನಡದಲ್ಲೇ ಕೊಡುತ್ತೇನೆ.

ಬಿ.ಕಾಂ. ಮುಗಿಸಿದ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಮಂಗಳೂರಿನ ಬಂದರಿನಲ್ಲಿ ಅವನ ಮಾವನದ್ದು ಹಾರ್ಡ್‌ವೇರ್ ಸಗಟು ಅಂಗಡಿ. ಮೂರು ವರ್ಷ ಕಾಲೇಜು ಬಿಟ್ಟ ಮೇಲೆ ಅಲ್ಲಿಗೆ ಹೋಗಿದ್ದಾನೆ. ಅವನ ರೆಸ್ಯೂಮೆಯಲ್ಲಿ ಅಂಗಡಿಯ ಸುದ್ದಿಯೇ ಇಲ್ಲ. ಎದುರು ಕೂರಿಸಿ ಕೇಳಿದರೆ ಮಾತು ಹೀಗೆ ಸಾಗುತ್ತದೆ.

"ಅಂಗಡಿಯಲ್ಲಿ ಎಂತ ಮಾಡ್ತಿದ್ದೆ?"

"ಸುಮ್ಮನೆ ಕೂತ್ಕೊಳ್ತಿದ್ದೆ ಸರ್. ಮಾವನಿಗೆ ಹೆಲ್ಪ್."

"ಎಂತ ಹೆಲ್ಪ್?"

"ಬಿಲ್ಲೆಲ್ಲ ಟ್ಯಾಲಿಗೆ ಹಾಕ್ಲಿಕ್ಕೆ. ಮತ್ತೆ ಆಡಿಟರ್ ಕೇಳಿದ್ದು ಕಳಿಸ್ಲಿಕ್ಕೆ."

ಇದನ್ನು ಅವನು ಹಾಗೇ ಬರೆದರೆ ಮೊದಲ ಸಾಲು ಹೀಗಾಗುತ್ತದೆ.

ದುರ್ಬಲ ಸಾಲು: "ಮಾವನ ಅಂಗಡಿಯಲ್ಲಿ ಸಹಾಯ ಮಾಡುತ್ತಿದ್ದೆ."

ಯಾರಾದರೂ "ಸ್ವಲ್ಪ ದೊಡ್ಡದಾಗಿ ಬರಿ" ಎಂದರೆ ಅದು ಹೀಗಾಗುತ್ತದೆ.

ಉಬ್ಬಿದ ಸಾಲು: "ಹೆಸರಾಂತ ಹಾರ್ಡ್‌ವೇರ್ ಸಂಸ್ಥೆಯಲ್ಲಿ ಲೆಕ್ಕಪತ್ರ, ಬಿಲ್ಲಿಂಗ್ ಮತ್ತು ಜಿಎಸ್‌ಟಿ ಸಂಬಂಧಿತ ಎಲ್ಲ ಜವಾಬ್ದಾರಿಗಳ ನಿರ್ವಹಣೆ."

ಎರಡನೆಯದು ಮೊದಲನೆಯದಕ್ಕಿಂತ ಅಪಾಯದ್ದು. ಮೊದಲನೆಯದನ್ನು ಓದಿದವರು ಬದಿಗಿಡುತ್ತಾರೆ, ಅಷ್ಟೆ. ಎರಡನೆಯದನ್ನು ನಂಬಿ ಸಂದರ್ಶನಕ್ಕೆ ಕರೆದವರು ಮೊದಲು ಕೇಳುವುದು "ಜಿಎಸ್‌ಟಿ ರಿಟರ್ನ್ ನೀನೇ ಸಲ್ಲಿಸ್ತಿದ್ದೆಯಾ?" ಎಂದು. ಸಲ್ಲಿಸುತ್ತಿದ್ದದ್ದು ಆಡಿಟರ್. ಹುಡುಗ ತಡವರಿಸುತ್ತಾನೆ. ಅಲ್ಲಿಗೆ ಅವನು ನಿಜವಾಗಿ ಮಾಡಿದ ಕೆಲಸದ ಮೇಲೂ ಅನುಮಾನ ಬೀಳುತ್ತದೆ.

ಸರಿಯಾದ ಸಾಲಿಗೆ ನಾಲ್ಕು ಪ್ರಶ್ನೆ ಸಾಕು. ಎಂತ ಮಾಡಿದೆ? ಯಾವುದನ್ನು ಬಳಸಿ ಮಾಡಿದೆ? ಎಷ್ಟು ಮಾಡಿದೆ? ಅದರಿಂದ ಯಾರಿಗೆ ಎಂತ ಆಯಿತು? ಈ ಪೈಕಿ ಮಕ್ಕಳು ಸೋಲುವುದು "ಎಷ್ಟು" ಎಂಬಲ್ಲಿ. "ಲೆಕ್ಕ ಇಟ್ಟಿಲ್ಲ ಸರ್" ಎನ್ನುತ್ತಾರೆ. ಆದರೆ ಲೆಕ್ಕ ಅಂಗಡಿಯಲ್ಲೇ ಇದೆ. ಬಿಲ್ ಪುಸ್ತಕ ತಿಂಗಳಿಗೆ ಎಷ್ಟು ಖಾಲಿಯಾಗುತ್ತದೆ ಎಂದು ಕೇಳಿ. "ಇಪ್ಪತ್ತು" ಎನ್ನುತ್ತಾನೆ. ಒಂದು ಪುಸ್ತಕದಲ್ಲಿ 50 ಬಿಲ್. ಅಂದರೆ ತಿಂಗಳಿಗೆ 1,000 ಬಿಲ್. ಅಂಗಡಿ ತೆರೆಯುವುದು 26 ದಿನ ಎಂದಾದರೆ ದಿನಕ್ಕೆ 38ರ ಆಸುಪಾಸು. ಇದು ಊಹೆಯ ಸಂಖ್ಯೆಯಲ್ಲ, ಯಾರು ಕೇಳಿದರೂ ಹೀಗೆ ಬಂತು ಎಂದು ತೋರಿಸಬಹುದಾದ ಸಂಖ್ಯೆ. ಮೊದಲ ಸಾಲು ಸಿದ್ಧವಾಯಿತು.

ಉತ್ತಮ ಸಾಲು: "ಹಾರ್ಡ್‌ವೇರ್ ಸಗಟು ಅಂಗಡಿಯ ತಿಂಗಳ ಸುಮಾರು 1,000 ಮಾರಾಟ ಬಿಲ್‌ಗಳನ್ನು ಟ್ಯಾಲಿಯಲ್ಲಿ ದಾಖಲಿಸಿ, ಪ್ರತಿ ರಾತ್ರಿ ಬಿಲ್ ಮೊತ್ತ ಮತ್ತು ಗಲ್ಲಾದ ನಗದನ್ನು ತಾಳೆ ನೋಡಿದೆ."

ಇನ್ನು ಆ "ಆಡಿಟರ್ ಕೇಳಿದ್ದು". ಅದು ಎಂತದ್ದು ಎಂದು ಬಿಡಿಸಿ ಕೇಳಿದರೆ ಒಳಗಿನಿಂದ ಚಿನ್ನದಂಥ ಕೆಲಸ ಹೊರಬರುತ್ತದೆ. ಅಂಗಡಿಯವರು ಮಾಲು ತರಿಸುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ, ಮಾಲು ಕೊಟ್ಟವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು. ತೋರಿಸಿದ್ದಾನೋ ಇಲ್ಲವೋ ಎಂಬುದು ಪ್ರತಿ ತಿಂಗಳು 14ರ ಹೊತ್ತಿಗೆ ಪೋರ್ಟಲ್‌ನಲ್ಲಿ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತದೆ. ಈ ಹುಡುಗ ಅಂಗಡಿಯ ಖರೀದಿ ಬಿಲ್‌ಗಳನ್ನು ಆ ಪಟ್ಟಿಯ ಎದುರು ಒಂದೊಂದಾಗಿ ಗುರುತು ಹಾಕಿ, ಕಾಣದ ಬಿಲ್‌ಗಳನ್ನು ಬೇರೆ ಬರೆದು ಆಡಿಟರಿಗೆ ಕಳಿಸುತ್ತಿದ್ದ. 20ರೊಳಗೆ 3ಬಿ ರಿಟರ್ನ್ ಹೋಗಬೇಕಾದ್ದರಿಂದ ಇದಕ್ಕೆ ಸಿಗುವುದು ನಾಲ್ಕೈದು ದಿನ ಮಾತ್ರ. ಅಕೌಂಟ್ಸ್ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವವರು ಹುಡುಕುವುದು ಇದೇ ಕೆಲಸ ಗೊತ್ತಿರುವವರನ್ನು. ಅದನ್ನು ಅವನು "ಹೆಲ್ಪ್" ಎಂಬ ಒಂದು ಪದದಲ್ಲಿ ಹೂತುಹಾಕಿದ್ದ.

ಉತ್ತಮ ಸಾಲು: "ಪ್ರತಿ ತಿಂಗಳು 60–70 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಹೋಲಿಸಿ, ಕಾಣದ ಬಿಲ್‌ಗಳ ಪಟ್ಟಿಯನ್ನು 3ಬಿ ಸಲ್ಲಿಕೆಗೆ ಮೊದಲು ಆಡಿಟರಿಗೆ ನೀಡಿದೆ."

ಗಮನಿಸಿ, ಇಲ್ಲಿ "ನಾನು ಜಿಎಸ್‌ಟಿ ಸಲ್ಲಿಸಿದೆ" ಎಂದು ಎಲ್ಲೂ ಇಲ್ಲ. ಯಾರು ಸಲ್ಲಿಸಿದರು ಎಂಬುದು ಸಾಲಿನಲ್ಲೇ ಇದೆ. ಹಾಗಿದ್ದೂ ಈ ಸಾಲು ಉಬ್ಬಿದ ಸಾಲಿಗಿಂತ ಬಲವಾಗಿದೆ. ಕಾರಣ, ಈ ಕೆಲಸ ಮಾಡದವನಿಗೆ ಈ ಸಾಲು ಬರೆಯಲಿಕ್ಕೆ ಬರುವುದಿಲ್ಲ.

ಶೇಕಡಾ ಎಂಬ ಆಮಿಷ

ಮೂರನೇ ಕೆಲಸ ಬಾಕಿ ವಸೂಲಿಯದ್ದು. ಸುಮಾರು 60 ಚಿಲ್ಲರೆ ಅಂಗಡಿಗಳಿಗೆ ಸಾಲದಲ್ಲಿ ಮಾಲು ಹೋಗುತ್ತದೆ. ಮಾವ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದರು. ಹುಡುಗ ಅದನ್ನು ಎಕ್ಸೆಲ್‌ಗೆ ಹಾಕಿ 30 ದಿನ, 60 ದಿನ, 90 ದಿನ ದಾಟಿದ ಬಾಕಿ ಎಂದು ವಿಂಗಡಿಸಿ, ಪ್ರತಿ ಶನಿವಾರ ಯಾರಿಗೆ ಫೋನ್ ಮಾಡಬೇಕೆಂದು ಪಟ್ಟಿ ಕೊಡುತ್ತಿದ್ದ.

ಇಲ್ಲಿಗೆ ಬರುವಾಗ ಮಾದರಿ ನೋಡಿದ ಮಕ್ಕಳ ಕೈ ತುರಿಸುತ್ತದೆ. ಮಾದರಿಯಲ್ಲಿ "40 ಶೇಕಡಾ ಹೆಚ್ಚಿಸಿದೆ", "ಬಾಕಿಯನ್ನು 50 ಶೇಕಡಾ ಇಳಿಸಿದೆ" ಎಂದೆಲ್ಲ ಇರುತ್ತದಲ್ಲ, ಅದನ್ನೇ ಎತ್ತಿಕೊಳ್ಳುತ್ತಾರೆ. ಶೇಕಡಾ ಬರೆಯಬೇಕಾದರೆ ಎರಡು ದಿನಾಂಕದ ಎರಡು ಸಂಖ್ಯೆ ಕೈಯಲ್ಲಿರಬೇಕು. ಪಟ್ಟಿ ಶುರು ಮಾಡುವ ಮೊದಲು 90 ದಿನ ದಾಟಿದ ಬಾಕಿ 4.2 ಲಕ್ಷ ಇತ್ತು, ಆರು ತಿಂಗಳ ನಂತರ 2.8 ಲಕ್ಷಕ್ಕೆ ಬಂತು ಎಂದು ಟ್ಯಾಲಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಕಡಿಮೆಯಾದದ್ದು 1.4 ಲಕ್ಷ, ಅಂದರೆ ಮೂರನೇ ಒಂದು ಭಾಗ. ಇದನ್ನು ಬರೆಯಬಹುದು. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬಾಕಿ ಇಳಿದದ್ದು ಹುಡುಗನ ಪಟ್ಟಿಯಿಂದಲೋ, ಅಥವಾ ಅದೇ ಸಮಯಕ್ಕೆ ಮಾವ ಕೆಲವರಿಗೆ ಸಾಲ ಕೊಡುವುದನ್ನೇ ನಿಲ್ಲಿಸಿದ್ದರಿಂದಲೋ? ಎರಡೂ ಇರಬಹುದು. ಆಗ "ನಾನು ಇಳಿಸಿದೆ" ಎನ್ನುವ ಬದಲು, ಮಾಡಿದ್ದನ್ನು ಮತ್ತು ಆದದ್ದನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು.

ಉತ್ತಮ ಸಾಲು: "ಸುಮಾರು 60 ಗಿರಾಕಿಗಳ ಬಾಕಿಯನ್ನು 30, 60, 90 ದಿನಗಳಂತೆ ಎಕ್ಸೆಲ್‌ನಲ್ಲಿ ವಿಂಗಡಿಸಿ ವಾರಕ್ಕೊಮ್ಮೆ ವಸೂಲಿ ಪಟ್ಟಿ ನೀಡಿದೆ, ಆರು ತಿಂಗಳಲ್ಲಿ 90 ದಿನ ದಾಟಿದ ಬಾಕಿ ಮೂರನೇ ಒಂದು ಭಾಗ ಕಡಿಮೆಯಾಯಿತು."

ಲಕ್ಷದ ಮೊತ್ತವನ್ನು ಬಿಟ್ಟದ್ದು ಬೇಕೆಂದೇ. ಮಾವನ ಅಂಗಡಿಯ ಬಾಕಿ ಎಷ್ಟೆಂದು ಊರಿಗೆಲ್ಲ ಹೇಳಲು ನಮಗೆ ಹಕ್ಕಿಲ್ಲ, ಅದು ಅಮಾನತ್. ಭಾಗ ಹೇಳಿದರೆ ವಿಷಯ ತಿಳಿಯುತ್ತದೆ, ಗುಟ್ಟು ಉಳಿಯುತ್ತದೆ. ಇನ್ನು ಎರಡು ಸಂಖ್ಯೆ ಕೈಯಲ್ಲಿಲ್ಲದಿದ್ದರೆ? ಆಗ ಸಾಲಿನ ಕೊನೆಯ ಅರ್ಧವನ್ನು ಬಿಟ್ಟುಬಿಡಿ. ಮೊದಲ ಅರ್ಧವೇ ಸಾಕಷ್ಟಿದೆ.

ಮಾವನ ಅಂಗಡಿ ಎಂಬುದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. "ಲೆಕ್ಕ ಸಹಾಯಕ, ಅರೆಕಾಲಿಕ, ಕುಟುಂಬದ ಸಗಟು ವ್ಯಾಪಾರ" ಎಂದು ತಲೆಬರಹ ಕೊಟ್ಟು ಯಾವ ವರ್ಷದಿಂದ ಯಾವ ವರ್ಷ ಎಂದು ಹಾಕಿದರೆ ಆಯಿತು. ಕೇಳಿದರೆ ಮಾಹಿತಿ ನೀಡುವವರಾಗಿ ಮಾವನ ಬದಲು ಆಡಿಟರ್ ಇದ್ದರೆ ಮಾತಿಗೆ ಹೆಚ್ಚು ತೂಕ. ಅವರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಬೇಕು. ಆದರೆ ಗುರುತಿನವರ ಕಂಪೆನಿಯ ಲೆಟರ್‌ಹೆಡ್‌ನಲ್ಲಿ ಎರಡು ವರ್ಷದ ಪೂರ್ಣಾವಧಿ ಅನುಭವದ ಪತ್ರ ಮಾಡಿಸಿಕೊಳ್ಳುವ ಚಾಳಿ ಕೆಲವು ಕಡೆ ಇದೆ. ಅದು ಬೇಡ. ದೊಡ್ಡ ಕಂಪೆನಿಗಳು ಸೇರಿಸಿಕೊಳ್ಳುವಾಗ ಹಳೆಯ ಕೆಲಸವನ್ನು ಪರಿಶೀಲಿಸುತ್ತವೆ. ಸಂಬಳ ಬ್ಯಾಂಕಿಗೆ ಬಂದ ದಾಖಲೆ, ಪಿಎಫ್ ಖಾತೆ ಕೇಳುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಸೇರಿ ಆರು ತಿಂಗಳಾದ ಮೇಲೂ ಹೊರಗೆ ಹಾಕುತ್ತಾರೆ.

ಹುಡುಗಿಯರ ರೆಸ್ಯೂಮೆಯಲ್ಲಿ ಕಾಣದ ಭಾಷೆಗಳು

ಇನ್ನೊಂದು ಬಗೆ ನೋಡಿ. ಬಿಬಿಎ ಮಾಡಿದ ಹುಡುಗಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಿದ್ದಾಳೆ. ಈಗ ಆಸ್ಪತ್ರೆಗಳ ಫ್ರಂಟ್ ಆಫೀಸ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ.

ದುರ್ಬಲ ಸಾಲು: "ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಉತ್ತಮ ಸಂವಹನ ಕೌಶಲ ಬೆಳೆಸಿಕೊಂಡೆ."

ಪುಟದ ಕೊನೆಯಲ್ಲಿ "ತಿಳಿದಿರುವ ಭಾಷೆಗಳು: ಇಂಗ್ಲಿಷ್, ಕನ್ನಡ, ಹಿಂದಿ" ಎಂದಿದೆ. "ಬ್ಯಾರಿ ಯಾಕೆ ಬರೀಲಿಲ್ಲ?" ಎಂದರೆ "ಅದನ್ನೆಲ್ಲ ಬರೀಲಿಕ್ಕುಂಟಾ?" ಎಂಬ ಉತ್ತರ. ತುಳು ಬರುತ್ತದೆ, ಬರೆದಿಲ್ಲ. ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದಲು ಬರುವುದಿಲ್ಲ ಎಂದು ಬಿಟ್ಟಿದ್ದಾಳೆ. ಈಗ ಯೋಚಿಸಿ. ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೆ ಕಾಸರಗೋಡು ಜಿಲ್ಲೆಯಿಂದ ಎಷ್ಟು ರೋಗಿಗಳು ಬರುತ್ತಾರೆ ಎಂಬುದು ಅಲ್ಲಿ ಒಮ್ಮೆ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಕೌಂಟರ್‌ನಲ್ಲಿ ಕೂತವರಿಗೆ ಅಜ್ಜಿಯ ಮಾತು ಅರ್ಥವಾಗದೆ ಹಿಂದಿನ ಸಾಲು ಅರ್ಧ ಗಂಟೆ ನಿಲ್ಲುವುದನ್ನೂ ನೋಡಿದ್ದೇವೆ. ಆ ಕೌಂಟರ್‌ಗೆ ಬೇಕಾದದ್ದು ಈ ಹುಡುಗಿಯ ನಾಲಿಗೆಯಲ್ಲಿದೆ, ಕಾಗದದಲ್ಲಿ ಇಲ್ಲ.

ಉತ್ತಮ ಸಾಲು: "ಹೊರರೋಗಿ ನೋಂದಣಿ ಕೌಂಟರ್‌ನಲ್ಲಿ 6 ವಾರ, ದಿನಕ್ಕೆ 50–60 ರೋಗಿಗಳ ವಿವರವನ್ನು ಕನ್ನಡ, ತುಳು, ಬ್ಯಾರಿ, ಮಲಯಾಳದಲ್ಲಿ ವಿಚಾರಿಸಿ ಕಂಪ್ಯೂಟರ್‌ನಲ್ಲಿ ದಾಖಲಿಸಿದೆ."

ಉತ್ತಮ ಸಾಲು: "ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಂದವರ ದಾಖಲೆಗಳನ್ನು ಮೊದಲೇ ನೋಡಿ, ಕೊರತೆ ಇದ್ದರೆ ಯಾವ ಕಾಗದ ತರಬೇಕೆಂದು ತಿಳಿಸಿ ಕಳುಹಿಸಿದೆ."

"ಸಂವಹನ ಕೌಶಲ" ಎಂಬ ಪದ ಈಗ ಎಲ್ಲೂ ಇಲ್ಲ. ಆದರೆ ಓದಿದವರಿಗೆ ಅದು ಇದೆ ಎಂದು ಗೊತ್ತಾಗುತ್ತದೆ. ಭಾಷೆಗಳ ಪಟ್ಟಿಯಲ್ಲಿ ಮಾತ್ರ ಪ್ರಾಮಾಣಿಕವಾಗಿ "ಮಲಯಾಳ: ಮಾತು ಮಾತ್ರ" ಎಂದು ಹಾಕಬೇಕು.

ಮದುವೆ, ಮಗು ಎಂದು ಎರಡು ಮೂರು ವರ್ಷ ಮನೆಯಲ್ಲಿದ್ದ ಹೆಣ್ಣುಮಕ್ಕಳು ಆ ವರ್ಷಗಳನ್ನು ಮುಚ್ಚಲು ದಿನಾಂಕಗಳನ್ನೇ ತೆಗೆದುಬಿಡುತ್ತಾರೆ. ದಿನಾಂಕ ಇಲ್ಲದ ರೆಸ್ಯೂಮೆ ಇನ್ನಷ್ಟು ಅನುಮಾನ ತರುತ್ತದೆ. "2021–2023: ಕುಟುಂಬದ ಹೊಣೆ" ಎಂದು ಒಂದೇ ಸಾಲು ಹಾಕಿ ಮುಂದೆ ಹೋಗಿ. ಆ ಅವಧಿಯಲ್ಲಿ ಮನೆಯಲ್ಲಿ ಟ್ಯೂಷನ್ ಕೊಟ್ಟಿದ್ದರೆ ಅದನ್ನು ಎಷ್ಟು ಮಕ್ಕಳು, ಯಾವ ತರಗತಿ, ಯಾವ ವಿಷಯ ಎಂದು ಬರೆಯಿರಿ. "ಬೋಧನೆಯಲ್ಲಿ ಆಸಕ್ತಿ ಇದೆ" ಎನ್ನುವ ಬದಲು "8ನೇ ತರಗತಿಯ 11 ಮಕ್ಕಳಿಗೆ ಎರಡು ವರ್ಷ ಗಣಿತ, ವಾರಕ್ಕೆ ಐದು ದಿನ" ಎಂದರೆ ಶಾಲೆಯ ಹೆಡ್‌ಮಾಸ್ಟರ್ ಓದುವುದನ್ನು ನಿಲ್ಲಿಸಿ ಹೆಸರು ನೋಡುತ್ತಾರೆ.

ಬಿಸಿಎ, ಎಂಜಿನಿಯರಿಂಗ್ ಮಕ್ಕಳಲ್ಲಿ ಇದೇ ರೋಗ ಬೇರೆ ರೂಪದಲ್ಲಿ ಇರುತ್ತದೆ. ನಾಲ್ವರು ಸೇರಿ ಮಾಡಿದ ಒಂದು ಪ್ರಾಜೆಕ್ಟನ್ನು ನಾಲ್ವರೂ ಒಂದೇ ವಾಕ್ಯದಲ್ಲಿ ಬರೆದಿರುತ್ತಾರೆ: "ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ ಅಭಿವೃದ್ಧಿಪಡಿಸಿದೆವು." ನಾಲ್ಕೂ ಒಂದೇ ಕಂಪೆನಿಗೆ ಹೋಗುತ್ತದೆ. ನಾಲ್ವರ ಪೈಕಿ ನೀನು ಮಾಡಿದ್ದು ಎಂತ ಎಂಬುದು ಸಾಲಿನಲ್ಲಿ ಇರಬೇಕು: "ನಾಲ್ವರ ತಂಡದಲ್ಲಿ ಡೇಟಾಬೇಸ್ ಭಾಗ ನನ್ನದು, ಪುಸ್ತಕ ಹಿಂದಿರುಗಿಸುವ ದಿನ ದಾಟಿದರೆ ದಂಡ ತಾನಾಗಿ ಲೆಕ್ಕವಾಗುವಂತೆ ಮಾಡಿದೆ." ಅಷ್ಟು ಹೇಳಲಿಕ್ಕೆ ಬರದಿದ್ದರೆ ಆ ಪ್ರಾಜೆಕ್ಟ್ ರೆಸ್ಯೂಮೆಯಲ್ಲಿ ಇರುವುದೇ ಬೇಡ.

ಮದುವೆಯ ಬಯೋಡೇಟಾ ಅಲ್ಲ

ನಮ್ಮ ಮನೆಗಳಿಗೆ "ಬಯೋಡೇಟಾ" ಎಂಬ ಪದ ಬಂದದ್ದು ಹೆಚ್ಚಾಗಿ ಮದುವೆ ಬ್ರೋಕರ್‌ಗಳ ಜೊತೆ. ಅದಕ್ಕೇ ಇರಬೇಕು, ಕೆಲಸದ ಕಾಗದದಲ್ಲೂ ಬಾಪನ ಹೆಸರು, ಬಾಪನ ಉದ್ಯೋಗ, ಧರ್ಮ, ವಿವಾಹಿತನೋ ಅವಿವಾಹಿತನೋ, ಹವ್ಯಾಸ ಕ್ರಿಕೆಟ್, ಕೊನೆಗೆ "ಮೇಲಿನದ್ದೆಲ್ಲ ಸತ್ಯ" ಎಂಬ ಘೋಷಣೆ ಮತ್ತು ಸಹಿ. ಇಲ್ಲಿನ ಖಾಸಗಿ ಕಂಪೆನಿಗೆ ಇವು ಯಾವುದೂ ಬೇಕಿಲ್ಲ. ಇವನ್ನು ತೆಗೆದರೆ ಅರ್ಧ ಪುಟ ಖಾಲಿಯಾಗುತ್ತದೆ, ಆ ಜಾಗ ಕೆಲಸದ ಸಾಲುಗಳಿಗೆ ಸಿಗುತ್ತದೆ. ಗಲ್ಫ್‌ಗೆ ಕಳಿಸುವ ಪ್ರತಿ ಬೇರೆ ಇರಲಿ. ಅಲ್ಲಿ ರಾಷ್ಟ್ರೀಯತೆ, ವೀಸಾ ಸ್ಥಿತಿ, ಯಾವಾಗ ಸೇರಬಹುದು ಎಂಬುದನ್ನು ಸಾಮಾನ್ಯವಾಗಿ ನೋಡುತ್ತಾರೆ, ಫೋಟೊ ಹಾಕುವ ರೂಢಿಯೂ ಇದೆ. ಹೊಸ ಪದವೀಧರರಿಗೆ ಎರಡು ಕಡೆಗೂ ಒಂದು ಪುಟ ಸಾಕು.

ದೊಡ್ಡ ಕಂಪೆನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರ್. ಪೆಟ್ಟಿಗೆ, ಎರಡು ಕಾಲಂ, ಚಿತ್ರದೊಳಗಿನ ಅಕ್ಷರಗಳನ್ನು ಅದು ಹಲವು ಸಲ ತಪ್ಪಾಗಿ ಓದುತ್ತದೆ. ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ದು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಸಾಲುಗಳು ಹಿಂದುಮುಂದಾಗಿ ಬಂದರೆ, ಅಥವಾ ಏನೂ ಬರದಿದ್ದರೆ, ಆ ಮಾದರಿ ಬಿಟ್ಟುಬಿಡಿ.

ನಮಗೇ ವಿಶೇಷವಾದ ಇನ್ನೊಂದು ತೊಂದರೆ ಹೆಸರಿನದ್ದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಮುಹಮ್ಮದ್ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಬಾಪನ ಹೆಸರು ಸೇರಿ ಮತ್ತೊಂದು. ರೆಸ್ಯೂಮೆಯಲ್ಲಿ ಅಂಕಪಟ್ಟಿಯ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಉಳಿದ ದಾಖಲೆಗಳನ್ನು ಅದಕ್ಕೆ ಸರಿಹೊಂದಿಸುವ ಕೆಲಸವನ್ನು ಕೆಲಸ ಸಿಗುವ ಮೊದಲೇ ಶುರು ಮಾಡಿ. ಪರಿಶೀಲನೆಯ ಹಂತದಲ್ಲಿ ಓಡಾಡಿದರೆ ಸೇರುವ ದಿನ ದಾಟಿಹೋಗುತ್ತದೆ.

ಹೊಗಳಿಕೊಳ್ಳುವುದು ಸರಿಯಾ?

ಮಕ್ಕಳು ಹಿಂಜರಿಯಲು ಒಂದು ಒಳ್ಳೆಯ ಕಾರಣವೂ ಇದೆ. ಮಾಡಿದ್ದನ್ನು ಹೇಳಿಕೊಳ್ಳಬಾರದು ಎಂದು ನಾವೇ ಕಲಿಸಿ ಬೆಳೆಸಿದ್ದೇವೆ. "ಇದು ಜಂಬ ಆಗುದಿಲ್ವಾ?" ಎಂದು ಕೇಳುವ ಹುಡುಗರಿದ್ದಾರೆ. ನನ್ನ ಉತ್ತರ ಇಷ್ಟೆ. "ನಾನು ಅತ್ಯುತ್ತಮ" ಎನ್ನುವುದು ಜಂಬ. "ತಿಂಗಳಿಗೆ 1,000 ಬಿಲ್" ಎನ್ನುವುದು ಲೆಕ್ಕ. ತಮಾಷೆ ಎಂದರೆ, ಜಂಬ ಬೇಡ ಎನ್ನುವ ಮಕ್ಕಳ ರೆಸ್ಯೂಮೆಯಲ್ಲೇ "ಅತ್ಯುತ್ತಮ ನಾಯಕತ್ವ ಗುಣ" ಎಂದು ನಕಲು ಮಾಡಿದ ಸಾಲು ಇರುತ್ತದೆ. ವಿಶೇಷಣ ತೆಗೆದು ಲೆಕ್ಕ ಇಟ್ಟರೆ ಜಂಬವೂ ಹೋಗುತ್ತದೆ, ಸುಳ್ಳೂ ಹೋಗುತ್ತದೆ.

ಹಿರಿಯರದ್ದು ಬೇರೆ ಮಾತು. "ಗಲ್ಫ್‌ನಲ್ಲಿ ನಮ್ಮವರು ಇದ್ದಾರಲ್ಲ, ಒಂದು ಫೋನ್ ಸಾಕು" ಎನ್ನುತ್ತಾರೆ. ಆ ನಮ್ಮವರೇ ಈಗ ಮೊದಲು ಹೇಳುವುದು "ಸಿವಿ ವಾಟ್ಸ್‌ಆ್ಯಪ್ ಮಾಡು" ಎಂದು. ಅವರು ಅದನ್ನು ತಮ್ಮ ಕಂಪೆನಿಯ ಮ್ಯಾನೇಜರ್‌ಗೆ ಕಳಿಸಬೇಕು. ಅದರಲ್ಲಿ "ಫ್ರೆಶರ್" ಎಂಬುದು ಬಿಟ್ಟರೆ ಏನೂ ಇಲ್ಲದಿದ್ದರೆ ಅವರಾದರೂ ಎಂತ ಹೇಳಿ ಶಿಫಾರಸು ಮಾಡಬೇಕು?

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೆಸರು ನೋಡಿಯೇ ಕಾಗದ ಬದಿಗಿಡುವವರೂ ಇದ್ದಾರೆ. ಅದನ್ನು ಯಾವ ಒಳ್ಳೆಯ ಸಾಲೂ ಸರಿಪಡಿಸುವುದಿಲ್ಲ, ಅದಕ್ಕೆ ಬೇರೆಯದೇ ಹೋರಾಟ ಬೇಕು. ಆದರೆ ನಮ್ಮ ಅರ್ಜಿ ಪ್ರತಿಸಲ ತಿರಸ್ಕೃತವಾದದ್ದು ಹೆಸರಿನಿಂದಲೇ ಎಂದು ಕೂತರೆ, ಕಾಗದದಲ್ಲಿ ಇರಬೇಕಾದದ್ದು ಇರಲಿಲ್ಲ ಎಂಬ ಕಾರಣ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕೈಯಲ್ಲಿರುವುದು ಎರಡನೆಯದು.

ಹಾಲ್ ಬೇಡ, ಚಾಪೆ ಸಾಕು

ಹಾಗಾದರೆ ಕಾರ್ಯಾಗಾರ ಹೇಗಿರಬೇಕು? ಇನ್ನೂರು ಮಂದಿಗೆ ಒಂದು ದಿನ ಮಾಡುವ ಬದಲು ಹನ್ನೆರಡು ಮಂದಿಗೆ ಮೂರು ಗಂಟೆ ಮಾಡಿ. ವೇದಿಕೆ ಬೇಡ, ಮದ್ರಸದ ಒಂದು ಕೋಣೆ ಸಾಕು. ಊರಿನಲ್ಲಿ ಅಕೌಂಟ್ಸ್, ಆಸ್ಪತ್ರೆ, ಶಾಲೆ, ಸಾಫ್ಟ್‌ವೇರ್ ಕೆಲಸದಲ್ಲಿರುವ ನಾಲ್ವರನ್ನು ಕರೆಯಿರಿ, ಒಬ್ಬೊಬ್ಬರಿಗೆ ಮೂರು ಮಕ್ಕಳು. ಮಕ್ಕಳು ಬರುವಾಗ ರೆಸ್ಯೂಮೆ ತರುವುದು ಬೇಡ. ಖಾಲಿಯಾದ ಒಂದು ಬಿಲ್ ಪುಸ್ತಕ, ಟ್ಯೂಷನ್ ಹಾಜರಿಯ ನೋಟ್‌ಬುಕ್, ಇಂಟರ್ನ್‌ಶಿಪ್‌ನ ಡೈರಿ, ಪ್ರಾಜೆಕ್ಟ್ ರಿಪೋರ್ಟ್ ಇವುಗಳಲ್ಲಿ ಇದ್ದದ್ದನ್ನು ತರಲಿ.

ಮೊದಲ ಗಂಟೆ ಲ್ಯಾಪ್‌ಟಾಪ್ ತೆರೆಯಬಾರದು. ಬ್ಯಾರಿಯಲ್ಲೇ ಮಾತಾಡಲಿ. ಒಬ್ಬ ಹೇಳಬೇಕು, ಪಕ್ಕದವನು ಬರೆದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಮಕ್ಕಳಿಗೆ ಮಾದರಿಯ ವಾಕ್ಯಗಳೇ ಬಾಯಿಗೆ ಬರುತ್ತವೆ, ಮಾಡಿದ ಕೆಲಸ ಬರುವುದಿಲ್ಲ. ಎರಡನೇ ಗಂಟೆಯಲ್ಲಿ ನಾಲ್ಕು ಪ್ರಶ್ನೆ ಹಾಕಿ ಒಬ್ಬೊಬ್ಬರಿಗೆ ಮೂರೇ ಸಾಲು ಮಾಡಿಸಿ, ಆಮೇಲೆ ಅದನ್ನು ಸರಳ ಇಂಗ್ಲಿಷಿಗೆ ತನ್ನಿ. ಮೂರನೇ ಗಂಟೆ ಪರೀಕ್ಷೆಗೆ. ಒಬ್ಬರ ಸಾಲನ್ನು ಹೆಸರು ಹೇಳದೆ ಓದಿ, "ಇದು ನಿನ್ನ ರೆಸ್ಯೂಮೆಯಲ್ಲೂ ಇರಬಹುದಾ?" ಎಂದು ಇನ್ನೊಬ್ಬನನ್ನು ಕೇಳಿ. "ಇರಬಹುದು" ಎಂದರೆ ಆ ಸಾಲು ಕೆಲಸಕ್ಕೆ ಬಾರದ್ದು. ಉಳಿದ ಸಾಲುಗಳ ಮೇಲೆ "ಹೇಗೆ ಮಾಡಿದೆ, ತೋರಿಸು" ಎಂದು ಎರಡು ನಿಮಿಷ ಪ್ರಶ್ನೆ ಹಾಕಿ. ಉತ್ತರಿಸಲಾಗದ ಪದ, ಸಂಖ್ಯೆ ಅಲ್ಲೇ ಹೊಡೆದುಹಾಕಿ. ಒಂದು ವಾರ ಬಿಟ್ಟು ಅದೇ ಹನ್ನೆರಡು ಮಂದಿ ಇನ್ನೊಮ್ಮೆ ಕೂರಬೇಕು, ಏಕೆಂದರೆ ಮನೆಗೆ ಹೋದ ಮೇಲೆ ಮರೆತ ಕೆಲಸಗಳು ನೆನಪಿಗೆ ಬರುತ್ತವೆ.

ಇದಕ್ಕೆ ಬ್ಯಾನರ್ ಖರ್ಚಿಲ್ಲ, ಶಾಲಿನ ಖರ್ಚಿಲ್ಲ, ಚಹಾದ ಖರ್ಚು ಮಾತ್ರ. ಪತ್ರಿಕೆಯಲ್ಲಿ ಹಾಕಲು ದೊಡ್ಡ ಫೋಟೊ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಪ್ರತಿ ಜಮಾಅತ್ ವರ್ಷಕ್ಕೆ ಇಂಥ ನಾಲ್ಕು ಕೂಟ ಮಾಡಿದರೆ ನಲವತ್ತೆಂಟು ಮಕ್ಕಳ ಕಾಗದ ಸರಿಯಾಗುತ್ತದೆ. ಈ ಸಲ ಫಲಿತಾಂಶ ಬಂದಾಗ ಹಾಲ್ ಬುಕ್ ಮಾಡುವ ಮೊದಲು ಸಂಘಟಕರು ಇದನ್ನೊಮ್ಮೆ ಯೋಚಿಸಲಿ. ಮನೆಯಲ್ಲಿ ಪದವಿ ಮುಗಿಸಿದ ಮಕ್ಕಳಿದ್ದವರು ಅಷ್ಟರವರೆಗೆ ಕಾಯುವುದೂ ಬೇಡ. ಇಂದು ರಾತ್ರಿ ಊಟದ ನಂತರ ಮಗನನ್ನೋ ಮಗಳನ್ನೋ ಕೂರಿಸಿ, "ನೀನು ಅಂಗಡಿಯಲ್ಲಿ ಎಂತ ಮಾಡ್ತಿದ್ದೆ, ಎಷ್ಟು ಮಾಡ್ತಿದ್ದೆ?" ಎಂದು ಕೇಳಿ, ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆದಿಡಿ.